ನೂರಕ್ಕೆ ನೂರು ಬಂದ ಕೋಡ್ ಎಡವಿದ್ದೆಲ್ಲಿ?

ಒಂದು ಸಹಕಾರ ಸಂಘಕ್ಕೆ ಸಾಲದ ಕಂತಿನ ಲೆಕ್ಕ ಹಾಕುವ ಸಾಫ್ಟ್‌ವೇರ್ ಬೇಕಾಗಿದೆ ಎಂದುಕೊಳ್ಳಿ. ಸಂಘದ ನಿಯಮ ಸರಳ: ಕಂತು ತಡವಾದರೆ ದಿನಕ್ಕೆ 5 ರೂಪಾಯಿ ದಂಡ, ಆದರೆ ಒಂದು ಕಂತಿನ ಮೇಲಿನ ದಂಡ 200 ರೂಪಾಯಿ ದಾಟಬಾರದು. ಇದನ್ನು ಪೈಥಾನ್ ಭಾಷೆಯಲ್ಲಿ ಒಬ್ಬರು ಹೀಗೆ ಬರೆದರು:

```python
def installment(amount, late_days):
    fine = None
    if late_days > 0:
        fine = late_days * 5
    return amount + fine
```

ಕೋಡ್ ಬರೆದವರು ಜೊತೆಗೊಂದು ಟೆಸ್ಟನ್ನೂ ಬರೆದರು. 2000 ರೂಪಾಯಿ ಕಂತು, ಮೂರು ದಿನ ತಡ. ಉತ್ತರ 2015 ಬರಬೇಕು. ಬಂತು. ಕವರೇಜ್ ಅಳೆಯುವ ಸಾಧನವನ್ನು ಓಡಿಸಿದರೆ 100% ಎಂದು ತೋರಿಸಿತು. ಇಲ್ಲಿ ಕವರೇಜ್ ಎಂದರೆ ಇಷ್ಟೇ: ಟೆಸ್ಟುಗಳು ಓಡುವಾಗ ಕೋಡಿನ ಎಷ್ಟು ಸಾಲುಗಳು ಒಮ್ಮೆಯಾದರೂ ಕೆಲಸ ಮಾಡಿದವು ಎಂಬ ಎಣಿಕೆ. ಐದು ಸಾಲುಗಳಲ್ಲಿ ಐದೂ ಓಡಿವೆ. ಲೆಕ್ಕ ಸರಿಯಾಗಿಯೇ ಇದೆ.

ಈಗ ಗಡುವಿನೊಳಗೇ ಕಂತು ಕಟ್ಟುವ ರೈತರೊಬ್ಬರು ಕೌಂಟರಿಗೆ ಬರುತ್ತಾರೆ. ತಡವಾದ ದಿನ ಸೊನ್ನೆ. `if` ಸಾಲಿನ ಶರತ್ತು ಸುಳ್ಳಾಗಿ ನಾಲ್ಕನೇ ಸಾಲನ್ನು ಬಿಟ್ಟು ಕೋಡ್ ನೇರವಾಗಿ ಐದಕ್ಕೆ ಹೋಗುತ್ತದೆ. ಅಲ್ಲಿ `fine` ಇನ್ನೂ `None`, ಅಂದರೆ ಏನೂ ಇಲ್ಲ, ಸೊನ್ನೆಯೂ ಅಲ್ಲ. ಎರಡು ಸಾವಿರಕ್ಕೆ ‘ಏನೂ ಇಲ್ಲ’ವನ್ನು ಕೂಡಿಸಲು ಪೈಥಾನ್‌ಗೆ ಬರುವುದಿಲ್ಲ. ಪ್ರೋಗ್ರಾಂ `TypeError` ಕೊಟ್ಟು ನಿಂತುಬಿಡುತ್ತದೆ. ಸುಸ್ತಿದಾರರ ರಸೀದಿ ಸಲೀಸಾಗಿ ಬರುತ್ತದೆ, ಹೊತ್ತಿಗೆ ಸರಿಯಾಗಿ ದುಡ್ಡು ತಂದವರು ಕಾಯುತ್ತ ನಿಲ್ಲುತ್ತಾರೆ.

ಬ್ರಾಂಚ್ ಕವರೇಜ್ ನೋಡುವುದು ಸಾಲುಗಳನ್ನಷ್ಟೇ ಅಲ್ಲ, ಕವಲುಗಳನ್ನೂ. ದಾರಿ ಎರಡಾಗಿ ಒಡೆಯುವ ಕಡೆಯಲ್ಲೆಲ್ಲ ಎರಡೂ ಕಡೆಗೆ ಟೆಸ್ಟ್ ಹೋಗಿದೆಯೇ ಎಂದು ಅದು ಕೇಳುತ್ತದೆ. `coverage run --branch -m pytest` ಎಂದು ಓಡಿಸಿ, ಆಮೇಲೆ `coverage report -m` ಕೊಟ್ಟರೆ ಇದೇ ಫೈಲಿಗೆ ಹೀಗೆ ಬರುತ್ತದೆ:

```
Stmts  Miss  Branch  BrPart  Cover  Missing
    5     0       2       1    86%  3->5
```

ಬಿಟ್ಟುಹೋದ ಸಾಲು ಒಂದೂ ಇಲ್ಲ. ಆದರೆ ಎರಡು ಕವಲುಗಳಲ್ಲಿ ಒಂದನ್ನು ಯಾರೂ ತುಳಿದಿಲ್ಲ. ಐದು ಸಾಲು, ಎರಡು ಕವಲು ಸೇರಿ ಏಳರಲ್ಲಿ ಆರು, ಹಾಗಾಗಿ 86%. ನನ್ನ ಕಣ್ಣಿಗೆ ಇದರಲ್ಲಿ ಬೆಲೆಬಾಳುವುದು ಆ ಶೇಕಡಾವಾರು ಅಲ್ಲ, ಕೊನೆಯ `3->5`. ಮೂರನೇ ಸಾಲಿನಿಂದ ಐದಕ್ಕೆ ನೇರವಾಗಿ ಹೋದ ಟೆಸ್ಟ್ ಇಲ್ಲ ಎಂದು ಅದು ಬೆರಳಿಟ್ಟು ತೋರಿಸುತ್ತದೆ. ತಡವಾಗದ ಕಂತಿಗೊಂದು ಟೆಸ್ಟ್ ಬರೆದರೆ ದೋಷ ಆ ಕ್ಷಣದಲ್ಲೇ ಸಿಗುತ್ತದೆ, `None` ಇದ್ದಲ್ಲಿ `0` ಬರುತ್ತದೆ.

ಹಾಗಾದರೆ ಲೈನ್ ಕವರೇಜ್ ಕೆಲಸಕ್ಕೆ ಬಾರದ್ದೇ? ಅಲ್ಲ. ಎಲ್ಲಿ ಏನೂ ಪರೀಕ್ಷೆಯಾಗಿಲ್ಲ ಎಂದು ಹೇಳುವುದರಲ್ಲಿ ಅದು ಬಹಳ ಒಳ್ಳೆಯದು. ಕೆಡುವುದು ಅದನ್ನು ಗುರಿಯಾಗಿ ಗೋಡೆಗೆ ತೂಗುಹಾಕಿದಾಗ. ‘80% ದಾಟದಿದ್ದರೆ ರಿಲೀಸ್ ಇಲ್ಲ’ ಎಂಬ ಆದೇಶ ಬಂದರೆ ಟೀಮ್ ಮೊದಲು ಹೋಗುವುದು ಸುಲಭದ ಸಾಲುಗಳಿಗೆ. ವರದಿಯ ತಲೆಬರಹ ಅಚ್ಚು ಮಾಡುವ ಕೋಡು, ಹೆಸರು ತೆಗೆದಿಟ್ಟು ವಾಪಸ್ ಕೊಡುವ ಕೋಡು, ಇಂಥವಕ್ಕೆ ಒಂದು ಮಧ್ಯಾಹ್ನದಲ್ಲಿ ಹತ್ತು ಟೆಸ್ಟ್ ಬರೆಯಬಹುದು. ಬ್ಯಾಂಕಿನ ಸರ್ವರ್ ಅರ್ಧದಲ್ಲಿ ಕೈಕೊಟ್ಟಾಗ ಹಣ ವಾಪಸ್ ಮಾಡುವ ಭಾಗಕ್ಕೆ ಒಂದೇ ಟೆಸ್ಟ್ ಬರೆಯಲು ಎರಡು ದಿನ ಹಿಡಿಯುತ್ತದೆ. ಗಡುವು ಹತ್ತಿರವಿದ್ದಾಗ ಯಾವುದು ಉಳಿದುಹೋಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಇನ್ನೂ ಕೆಟ್ಟದ್ದು, ಕೋಡನ್ನು ಓಡಿಸಿ ಉತ್ತರವನ್ನು ನೋಡದೇ ಬಿಡುವ ಟೆಸ್ಟ್. 2015 ಬರಬೇಕಾದಲ್ಲಿ 20 ಬಂದರೂ ಅದು ಪಾಸ್, ಕವರೇಜ್ ಅಷ್ಟಕ್ಕಷ್ಟೇ.

ಉಳಿದ ಆ ಸ್ವಲ್ಪದಲ್ಲಿ ಏನಿರಬಹುದು ಎಂಬುದಕ್ಕೆ 2014ರ ಫೆಬ್ರವರಿಯಲ್ಲಿ ಆಪಲ್ ತಿದ್ದಿದ ದೋಷವೊಂದನ್ನು ನೋಡಬೇಕು. ಐಫೋನ್ ಒಂದು ಸುರಕ್ಷಿತ ಜಾಲತಾಣಕ್ಕೆ ಸಂಪರ್ಕ ಸಾಧಿಸುವಾಗ, ಎದುರಿನ ಸರ್ವರಿನ ಡಿಜಿಟಲ್ ಸಹಿ ಅಸಲಿಯೇ ಎಂದು ನೋಡುವ ಕೋಡಿನಲ್ಲಿ `goto fail;` ಎಂಬ ಸಾಲು ತಪ್ಪಿ ಎರಡು ಸಲ ಬಿದ್ದಿತ್ತು. ಮೊದಲನೆಯದು `if`ಗೆ ಸೇರಿದ್ದು. ಎರಡನೆಯದಕ್ಕೆ ಯಾವ ಶರತ್ತೂ ಇಲ್ಲ, ಸದಾ ಕೊನೆಗೆ ಹಾರುತ್ತದೆ. ಅಷ್ಟುಹೊತ್ತಿಗೆ ತಪ್ಪಿನ ಸಂಖ್ಯೆ ಸೊನ್ನೆಯಾಗಿಯೇ ಇರುವುದರಿಂದ ‘ಎಲ್ಲ ಸರಿ’ ಎಂಬ ಉತ್ತರ ಹೋಗುತ್ತದೆ. ಅದರ ಕೆಳಗಿದ್ದ, ಸಹಿಯನ್ನು ನಿಜಕ್ಕೂ ತಾಳೆ ನೋಡುವ ಸಾಲುಗಳು ಒಮ್ಮೆಯೂ ಓಡುವಂತಿರಲಿಲ್ಲ. ಅಂದರೆ ಲೈನ್ ಕವರೇಜಿನ ಪಟ್ಟಿಯಲ್ಲೂ ಅವು ಓಡದ ಸಾಲುಗಳಾಗಿ ಕಾಣಲೇಬೇಕು. ಆದರೆ ಸಾವಿರಾರು ಸಾಲುಗಳ ನಡುವೆ ಅವು ಬೆರಳೆಣಿಕೆಯಷ್ಟು. ಒಟ್ಟು ಅಂಕಿಯಲ್ಲಿ ಕಾಲು ಶೇಕಡಾ ಸಹ ಕದಲುವುದಿಲ್ಲ. ಅಂಕಿ ನೋಡುವವರಿಗೆ ಅದು ಕಾಣದು. ಪಟ್ಟಿ ತೆರೆದು ‘ಸಹಿ ನೋಡುವ ಸಾಲೇ ಓಡಿಲ್ಲವಲ್ಲ!’ ಎನ್ನುವವರಿಗಷ್ಟೇ ಕಾಣುತ್ತದೆ.

ಅಪಾಯವನ್ನು ತೂಗಿ ನೋಡುವ ರಿವ್ಯೂ ಎಂದರೆ ಹೀಗೆ ಪಟ್ಟಿ ತೆರೆದು ಕೂರುವುದೇ. ಓಡದ ಸಾಲು, ತುಳಿಯದ ಕವಲು ಒಂದೊಂದನ್ನೂ ಎದುರಿಗಿಟ್ಟುಕೊಂಡು, ಇದು ತಪ್ಪಿದರೆ ಯಾರಿಗೆ ಎಷ್ಟು ನಷ್ಟ, ತಪ್ಪಿದ್ದು ತಕ್ಷಣ ಗೊತ್ತಾಗುತ್ತದೆಯೇ ಅಥವಾ ತಿಂಗಳುಗಟ್ಟಲೆ ಸದ್ದಿಲ್ಲದೆ ನಡೆಯುತ್ತದೆಯೇ ಎಂದು ಕೇಳಬೇಕು. ಆ ಫೈಲನ್ನು ಈಚೆಗೆ ಎಷ್ಟು ಸಲ ತಿದ್ದಿದ್ದಾರೆ ಎಂದು `git log` ನೋಡಬೇಕು. ಪದೇ ಪದೇ ಕೈಯಾಡಿಸಿದ ಕಡೆ ದೋಷ ಹೊಕ್ಕಿರುವ ಸಂಭವ ಹೆಚ್ಚು. ತಲೆಬರಹದ ಅಚ್ಚು 40% ಇದ್ದರೆ ಇರಲಿ ಎಂದು ಬಿಡುವ ಧೈರ್ಯವೂ ಇಲ್ಲಿ ಬೇಕು.

ವಿಮಾನದ ಸಾಫ್ಟ್‌ವೇರಿನವರಿಗೆ ಇದು ಹಳೆಯ ಮಾತು. ಬೆಂಗಳೂರಿನಲ್ಲಿ ಆ ಕೆಲಸದಲ್ಲಿರುವವರನ್ನು ಕೇಳಿದರೆ DO-178C ಎಂಬ ಮಾನದಂಡದ ಹೆಸರು ಬರುತ್ತದೆ. ಅದರಲ್ಲಿ ಎಲ್ಲ ಕೋಡಿಗೂ ಒಂದೇ ಗುರಿಯಿಲ್ಲ. ಕೆಟ್ಟರೆ ವಿಮಾನವೇ ಉರುಳಬಹುದಾದ ಭಾಗಕ್ಕೆ A ಮಟ್ಟ; ಅಲ್ಲಿ ನಿರ್ಧಾರದೊಳಗಿನ ಒಂದೊಂದು ಶರತ್ತೂ ತಾನೊಂದೇ ಫಲಿತಾಂಶವನ್ನು ಬದಲಿಸಬಲ್ಲದು ಎಂದು ತೋರಿಸಬೇಕು. B ಮಟ್ಟಕ್ಕೆ ನಿರ್ಧಾರಗಳ ಎರಡೂ ಕವಲು ಸಾಕು. C ಮಟ್ಟಕ್ಕೆ ಸಾಲುಗಳು ಓಡಿದರೆ ಸಾಕು. D ಮಟ್ಟಕ್ಕೆ ಈ ಅಳತೆಯೇ ಕಡ್ಡಾಯವಲ್ಲ. ಜೊತೆಗೆ, ಟೆಸ್ಟನ್ನು ಬರೆಯುವುದು ಕೋಡ್ ನೋಡಿ ಅಲ್ಲ, ಏನು ಮಾಡಬೇಕು ಎಂಬ ಬೇಡಿಕೆಯ ಪತ್ರ ನೋಡಿ. ಅವನ್ನು ಓಡಿಸಿದ ಮೇಲೆ ಏನು ಉಳಿಯಿತು ಎಂದು ತಿಳಿಯಲಷ್ಟೇ ಕವರೇಜ್.

ಬೇಡಿಕೆಯ ಪತ್ರದ ಮಾತು ಬಂದದ್ದರಿಂದ ನಮ್ಮ ಸಹಕಾರ ಸಂಘಕ್ಕೆ ಮರಳೋಣ. ತಡವಾದ ಕಂತಿಗೊಂದು, ತಡವಾಗದ ಕಂತಿಗೊಂದು ಟೆಸ್ಟ್ ಇವೆ. ಸಾಲು, ಕವಲು ಎರಡೂ 100%. ರಿವ್ಯೂಗೆ ಕೂತ ಹಿರಿಯರು ಸಂಘದ ನಿಯಮವನ್ನು ಪಕ್ಕದಲ್ಲಿಟ್ಟುಕೊಂಡು, ‘60 ದಿನ ತಡವಾದರೆ?’ ಎಂದರು. ಕೋಡ್ 300 ರೂಪಾಯಿ ದಂಡ ಹಾಕುತ್ತದೆ. ನಿಯಮದ ಮಿತಿ 200. ಆ ಮಿತಿಯನ್ನು ಬರೆಯುವುದನ್ನೇ ಮರೆತಿದ್ದಾರೆ, ಬರೆಯದ ಸಾಲು ಓಡಿತೇ ಇಲ್ಲವೇ ಎಂದು ಯಾವ ಸಾಧನವೂ ಎಣಿಸಲಾರದು. ಬೆಳೆ ಕೈಕೊಟ್ಟು ಎರಡು ತಿಂಗಳು ಹಿಂದೆ ಬಿದ್ದ ರೈತರಿಂದ ನೂರು ರೂಪಾಯಿ ಹೆಚ್ಚು ವಸೂಲಾಗುತ್ತಿತ್ತು, ರಸೀದಿ ಸರಿಯಾಗಿಯೇ ಬರುತ್ತಿದ್ದುದರಿಂದ ಯಾರೂ ಕೇಳುತ್ತಲೂ ಇರಲಿಲ್ಲ. ನಾಲ್ಕನೇ ಸಾಲನ್ನು ಹೀಗೆ ತಿದ್ದಿದರು:

```python
        fine = min(late_days * 5, 200)
```

40, 41 ಮತ್ತು 60 ದಿನಗಳಿಗೆ ಮೂರು ಟೆಸ್ಟ್ ಸೇರಿಸಿ ಮತ್ತೆ ವರದಿ ತೆಗೆದರು. ಸಾಲು ಐದೇ, ಕವಲು ಎರಡೇ. ಕವರೇಜ್ ತಿದ್ದುವ ಮೊದಲೂ 100%, ತಿದ್ದಿದ ಮೇಲೂ 100%.