ಸ್ಪ್ರಿಂಗಿನ ಕುಣಿತಕ್ಕೆ ಎಣ್ಣೆಯ ಕಡಿವಾಣ

ಕಾರಿನ ಚಕ್ರಕ್ಕೂ ಮೈಗೂ ನಡುವೆ ಎರಡು ಬಿಡಿಭಾಗಗಳು ಜೊತೆಯಾಗಿ ಕೆಲಸ ಮಾಡುತ್ತವೆ. ಒಂದು ಸ್ಪ್ರಿಂಗ್, ಇನ್ನೊಂದು ಶಾಕ್ ಅಬ್ಸಾರ್ಬರ್. ಚಕ್ರ ಹಂಪ್ ಹತ್ತಿದಾಗ ಸ್ಪ್ರಿಂಗ್ ಕುಗ್ಗಿ ಆ ಏಟನ್ನು ತನ್ನೊಳಗೆ ಶಕ್ತಿಯಾಗಿ ಕೂಡಿಟ್ಟುಕೊಳ್ಳುತ್ತದೆ. ಆದರೆ ಕೂಡಿಟ್ಟದ್ದನ್ನು ಅದು ಉಳಿಸಿಕೊಳ್ಳಲಾರದು. ಮರುಕ್ಷಣವೇ ಹಿಗ್ಗಿ ಕಾರಿನ ಮೈಯನ್ನು ಮೇಲಕ್ಕೆ ತಳ್ಳುತ್ತದೆ. ಮೇಲೆ ಹೋದ ಮೈ ಕೆಳಗಿಳಿದು ಸ್ಪ್ರಿಂಗನ್ನು ಮತ್ತೆ ಕುಗ್ಗಿಸುತ್ತದೆ. ಈ ಶಕ್ತಿಯನ್ನು ಸ್ಪ್ರಿಂಗಿನಿಂದ ಕಸಿದು, ಶಾಖವಾಗಿ ಮಾರ್ಪಡಿಸಿ, ಗಾಳಿಗೆ ಬಿಟ್ಟುಬಿಡುವುದೇ ಶಾಕ್ ಅಬ್ಸಾರ್ಬರಿನ ಕೆಲಸ.

ಒಂದು ಸಾಧಾರಣ ಕಾರಿನ ಲೆಕ್ಕ ಹಾಕಿದರೆ ಇದು ಸ್ಪಷ್ಟವಾಗುತ್ತದೆ. ಒಂದು ಚಕ್ರದ ಮೇಲೆ 300 ಕಿಲೋಗ್ರಾಂ ಭಾರ ಬೀಳುತ್ತದೆ ಎಂದುಕೊಳ್ಳೋಣ. ಅಲ್ಲಿನ ಸ್ಪ್ರಿಂಗನ್ನು ಒಂದು ಸೆಂಟಿಮೀಟರ್ ಕುಗ್ಗಿಸಲು ಸುಮಾರು 18 ಕಿಲೋಗ್ರಾಂ ಭಾರದಷ್ಟು ಬಲ ಬೇಕು. ಇಂಥ ಜೋಡಿ ಸೆಕೆಂಡಿಗೆ ಸುಮಾರು 1.2 ಬಾರಿ ಮೇಲೆ ಕೆಳಗೆ ತೂಗುತ್ತದೆ. ಶಾಕ್ ಅಬ್ಸಾರ್ಬರ್ ಇಲ್ಲದೆ, ಕೀಲುಗಳ ಮತ್ತು ರಬ್ಬರ್ ಬುಷ್‌ಗಳ ಅಲ್ಪಸ್ವಲ್ಪ ಘರ್ಷಣೆ ಮಾತ್ರ ಇದ್ದರೆ, 10 ಸೆಂಟಿಮೀಟರ್ ಕುಗ್ಗಿದ ಮೈ ಮೊದಲ ತೂಗಿನ ಬಳಿಕ 7 ಸೆಂಟಿಮೀಟರಿನಷ್ಟು, ನಾಲ್ಕು ತೂಗುಗಳ ಬಳಿಕವೂ ಸುಮಾರು 3 ಸೆಂಟಿಮೀಟರಿನಷ್ಟು ಕುಣಿಯುತ್ತಲೇ ಇರುತ್ತದೆ. ಅಷ್ಟರಲ್ಲಿ ಮೂರು ಸೆಕೆಂಡು ಕಳೆದಿರುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು 50 ಮೀಟರಿಗೂ ಹೆಚ್ಚು ದೂರ ಸಾಗಿರುತ್ತದೆ. ಅಷ್ಟು ದೂರವೂ ಟೈರು ರಸ್ತೆಯನ್ನು ಒಮ್ಮೆ ಗಟ್ಟಿಯಾಗಿ, ಒಮ್ಮೆ ಹಗುರವಾಗಿ ಒತ್ತುತ್ತಿರುತ್ತದೆ. ಹಗುರವಾದ ಗಳಿಗೆಯಲ್ಲಿ ಬ್ರೇಕ್ ಹಾಕಿದರೆ ಹಿಡಿತ ತಪ್ಪುತ್ತದೆ. ಸರಿಯಾದ ಶಾಕ್ ಅಬ್ಸಾರ್ಬರ್ ಇದ್ದರೆ ಅದೇ 10 ಸೆಂಟಿಮೀಟರ್ ಒಂದು ತೂಗಿನಲ್ಲೇ ಒಂದೂವರೆ ಸೆಂಟಿಮೀಟರಿಗೆ ಇಳಿದು, ಎರಡನೆಯದರಲ್ಲಿ ಬಹುತೇಕ ಅಡಗಿಹೋಗುತ್ತದೆ.

ಇದನ್ನು ಸಾಧಿಸುವ ಸಾಧನದ ರಚನೆ ಸರಳ. ಎಣ್ಣೆ ತುಂಬಿದ ಒಂದು ಉಕ್ಕಿನ ಕೊಳವೆ, ಅದರೊಳಗೆ ಜಾರುವ ಪಿಸ್ಟನ್, ಪಿಸ್ಟನ್ನಿಗೆ ಕೂಡಿಸಿದ ದಂಡ. ಕೊಳವೆಯ ತುದಿ ಚಕ್ರದ ಕಡೆಗೂ, ದಂಡದ ತುದಿ ಮೈಯ ಕಡೆಗೂ ಬಿಗಿದಿರುತ್ತವೆ. ಪಿಸ್ಟನ್ನಿನಲ್ಲಿ ಸಣ್ಣ ರಂಧ್ರಗಳಿವೆ. ಚಕ್ರ ಏರಿಳಿದಾಗ ಪಿಸ್ಟನ್ ಸರಿಯಬೇಕು. ಸರಿಯಬೇಕಾದರೆ ಅದರ ಒಂದು ಬದಿಯ ಎಣ್ಣೆ ಆ ರಂಧ್ರಗಳ ಮೂಲಕ ಇನ್ನೊಂದು ಬದಿಗೆ ನುಗ್ಗಬೇಕು. ಇಕ್ಕಟ್ಟಿನಲ್ಲಿ ನುಗ್ಗುವ ಎಣ್ಣೆ ಒಡ್ಡುವ ತಡೆಯೇ ಚಲನೆಗೆ ಬೀಳುವ ಕಡಿವಾಣ. ನುಗ್ಗಿದ ಎಣ್ಣೆ ಸುಳಿಸುಳಿಯಾಗಿ ಕಲಕಿ ಬಿಸಿಯಾಗುತ್ತದೆ, ಆ ಬಿಸಿ ಕೊಳವೆಯ ಗೋಡೆಯಿಂದ ಹೊರಗಿನ ಗಾಳಿಗೆ ಹೋಗುತ್ತದೆ. ನಮ್ಮ ಲೆಕ್ಕದ ಕಾರಿನಲ್ಲಿ ಒಂದು ಏಟಿನಿಂದ ಎಣ್ಣೆಯ ಉಷ್ಣತೆ ಏರುವುದು ಒಂದು ಡಿಗ್ರಿಗಿಂತ ಬಹಳ ಕಡಿಮೆ. ಆದರೆ ಗುಂಡಿಬಿದ್ದ ರಸ್ತೆಯಲ್ಲಿ ಇಂಥ ಏಟುಗಳು ಬಿಡುವಿಲ್ಲದೆ ಬೀಳುವುದರಿಂದ, ಸ್ವಲ್ಪ ಹೊತ್ತು ಓಡಿದ ಮೇಲೆ ಕೊಳವೆ ಮುಟ್ಟಲಾಗದಷ್ಟು ಬಿಸಿಯಾಗುವುದುಂಟು.

ಈ ತಡೆ ಪಿಸ್ಟನ್ ಎಷ್ಟು ಸರಿಯಿತು ಎಂಬುದನ್ನು ನೋಡುವುದಿಲ್ಲ, ಎಷ್ಟು ವೇಗವಾಗಿ ಸರಿಯಿತು ಎಂಬುದನ್ನು ಮಾತ್ರ ನೋಡುತ್ತದೆ. ನಿಂತ ಪಿಸ್ಟನ್ನಿಗೆ ತಡೆಯೇ ಇಲ್ಲ. ಹಾಗಾಗಿ ಕಾರಿನ ಭಾರವನ್ನು ಹೊರುವುದು ಸ್ಪ್ರಿಂಗ್ ಒಂದೇ. ಬರೀ ರಂಧ್ರ ಇದ್ದರೆ ಇನ್ನೊಂದು ತೊಡಕಿದೆ: ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ. ನಿಧಾನದ ತೂಗಿಗೆ ಅದು ಸಾಲದು, ಗುಂಡಿಯ ಏಟಿಗೆ ಅತಿಯಾಗುತ್ತದೆ. ಇದಕ್ಕೆಂದೇ ರಂಧ್ರಗಳ ಮೇಲೆ ತೆಳುವಾದ ಉಕ್ಕಿನ ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸುತ್ತಾರೆ. ಎಣ್ಣೆಯ ಒತ್ತಡ ಹೆಚ್ಚಿದಂತೆ ಬಿಲ್ಲೆಗಳ ಅಂಚು ಬಾಗಿ ದಾರಿ ಅಗಲವಾಗುತ್ತದೆ, ತಡೆ ಹದ ಮೀರುವುದಿಲ್ಲ. ಪಿಸ್ಟನ್ನಿನ ಎರಡೂ ಬದಿಯಲ್ಲಿ ಬೇರೆ ಬೇರೆ ಬಿಲ್ಲೆಗಳಿರುವುದರಿಂದ ಕುಗ್ಗುವಾಗಿನ ತಡೆಯೇ ಬೇರೆ, ಹಿಗ್ಗುವಾಗಿನ ತಡೆಯೇ ಬೇರೆ. ಕಾರುಗಳಲ್ಲಿ ಸಾಮಾನ್ಯವಾಗಿ ಹಿಗ್ಗುವಾಗಿನ ತಡೆ ಎರಡು ಮೂರು ಪಟ್ಟು ಹೆಚ್ಚು. ಚಕ್ರ ಉಬ್ಬನ್ನು ಹತ್ತುವಾಗ ಏಟು ನೇರವಾಗಿ ಮೈಗೆ ತಾಗದಿರಲಿ, ಸ್ಪ್ರಿಂಗ್ ಹಿಗ್ಗುವಾಗ ಮೈ ಮೇಲಕ್ಕೆ ಚಿಮ್ಮದಿರಲಿ ಎಂಬುದು ಇದರ ಉದ್ದೇಶ.

ದಂಡ ಒಳಗೆ ಬಂದಾಗ ಅದು ಆಕ್ರಮಿಸುವ ಜಾಗಕ್ಕೂ ಒಂದು ಏರ್ಪಾಡು ಬೇಕು, ಏಕೆಂದರೆ ಎಣ್ಣೆಯನ್ನು ಕುಗ್ಗಿಸಲಾಗದು. ಹೆಚ್ಚಿನ ಕಾರುಗಳಲ್ಲಿ ಕೊಳವೆಯ ಸುತ್ತ ಇನ್ನೊಂದು ಕೊಳವೆ ಇರುತ್ತದೆ. ಹೆಚ್ಚಾದ ಎಣ್ಣೆ ಅಡಿಯ ವಾಲ್ವ್ ಮೂಲಕ ಅಲ್ಲಿಗೆ ಹೋಗಿ ಬರುತ್ತದೆ. ಇನ್ನೊಂದು ಬಗೆಯಲ್ಲಿ ಕೊಳವೆ ಒಂದೇ. ಅದರ ತುದಿಯಲ್ಲಿ ಜಾರುವ ಬಿರಡೆಯ ಹಿಂದೆ ಹೆಚ್ಚಿನ ಒತ್ತಡದ ನೈಟ್ರೋಜನ್ ತುಂಬಿರುತ್ತದೆ. ಆ ಒತ್ತಡ ಎಣ್ಣೆಯಲ್ಲಿ ಗುಳ್ಳೆಗಳೇಳದಂತೆ ಕಾಯುತ್ತದೆ. ಎಣ್ಣೆ ನೊರೆಯಾದರೆ ರಂಧ್ರಗಳ ಮೂಲಕ ಹಾಯುವುದು ಬಹುಪಾಲು ಗಾಳಿಯೇ. ಆಗ ತಡೆ ಕುಸಿಯುತ್ತದೆ. ಕೆಟ್ಟ ರಸ್ತೆಯಲ್ಲಿ ಬಹಳ ಹೊತ್ತು ಓಡಿದ ಕಾರು ತೇಲಿದಂತಾಗಿ, ತಣಿದ ಮೇಲೆ ಸರಿಹೋಗುವುದು ಇದರಿಂದಲೇ. ಸವೆತದ ಗುರುತುಗಳು ಬೇರೆ: ದಂಡದ ಬುಡದ ಆಯಿಲ್ ಸೀಲ್ ಹೋಗಿ ಕೊಳವೆಯ ಮೇಲೆ ಒದ್ದೆ ಧೂಳಿನ ಪದರ ಕಟ್ಟುತ್ತದೆ, ಟೈರಿನ ಸುತ್ತಲೂ ಅಲ್ಲಲ್ಲಿ ತಗ್ಗು ಬಿದ್ದಂತೆ ಸವೆಯುತ್ತದೆ. ಕಾರಿನ ಮೂಲೆಯನ್ನು ಒತ್ತಿ ಬಿಟ್ಟರೆ ಅದು ಒಮ್ಮೆ ಏರಿ ನಿಲ್ಲುವ ಬದಲು ಮತ್ತೆ ಮತ್ತೆ ತೂಗುತ್ತದೆ. ಈ ಕೊನೆಯ ಪರೀಕ್ಷೆ ಪೂರ್ತಿ ಕೆಟ್ಟದ್ದನ್ನು ಮಾತ್ರ ತೋರಿಸುತ್ತದೆ. ಅರೆಬರೆ ಸವೆದದ್ದು ಅದರಲ್ಲಿ ಸಿಕ್ಕಿಬೀಳುವುದಿಲ್ಲ.

ಎಲ್ಲ ಸರಿಯಿದ್ದರೂ ಒಂದು ಇಕ್ಕಟ್ಟು ಉಳಿಯುತ್ತದೆ. ಬಿಲ್ಲೆಗಳ ಹದವನ್ನು ಕಾರ್ಖಾನೆಯಲ್ಲಿ ಒಮ್ಮೆ ನಿಗದಿ ಮಾಡಿದ ಮೇಲೆ ಅದು ಬದಲಾಗದು. ನಮ್ಮ ಕಾರಿನ ಮೈ ಸೆಕೆಂಡಿಗೆ 1.2 ಬಾರಿ ತೂಗುತ್ತದೆ. ಆ ನಿಧಾನದ ತೂಗನ್ನು ಅಡಗಿಸಲು ಬಿಗಿಯಾದ ತಡೆ ಒಳ್ಳೆಯದು. ಆದರೆ ರಸ್ತೆಯ ಏರುತಗ್ಗು ಸೆಕೆಂಡಿಗೆ ಸುಮಾರು 1.7 ಬಾರಿಗಿಂತ ವೇಗವಾಗಿ ಬಂದರೆ, ತಡೆ ಬಿಗಿಯಾದಷ್ಟೂ ಅದು ಮೈಯನ್ನು ಶಾಂತಗೊಳಿಸುವ ಬದಲು ರಸ್ತೆಯ ಅದುರನ್ನೇ ಸೀಟಿಗೆ ಸಾಗಿಸುತ್ತದೆ. ಹಾಗೆಂದು ತೀರಾ ಸಡಿಲ ಬಿಡುವಂತೆಯೂ ಇಲ್ಲ. ಟೈರಿಗೂ ಸ್ಪ್ರಿಂಗಿಗೂ ನಡುವಿನ ಚಕ್ರ ತನ್ನದೇ ಲಯದಲ್ಲಿ, ಸೆಕೆಂಡಿಗೆ ಹತ್ತರಿಂದ ಹದಿನೈದು ಬಾರಿ, ಪುಟಿಯುತ್ತದೆ, ಅದನ್ನೂ ತಡೆಯಬೇಕು. ಹೀಗಾಗಿ ಸುಖಕ್ಕೆ ಹದ ಮಾಡಿದ ಕಾರು ತಿರುವಿನಲ್ಲಿ ವಾಲುತ್ತದೆ, ತಿರುವಿಗೆ ಹದ ಮಾಡಿದ್ದು ಒರಟು ರಸ್ತೆಯಲ್ಲಿ ಕುಲುಕುತ್ತದೆ.

ಇದಕ್ಕೆ ಒಂದು ಪರಿಹಾರ ರಂಧ್ರದ ಗಾತ್ರವನ್ನು ಓಡುವಾಗಲೇ ಬದಲಿಸುವುದು. ವಿದ್ಯುತ್ ವಾಲ್ವ್‌ಗಳಿರುವ ಶಾಕ್ ಅಬ್ಸಾರ್ಬರ್‌ಗಳು ಮಾಡುವುದು ಅದನ್ನೇ. ಆಯಸ್ಕಾಂತೀಯ ಬಗೆ ರಂಧ್ರವನ್ನು ಹಾಗೇ ಬಿಟ್ಟು ದ್ರವದ ಗುಣವನ್ನೇ ಬದಲಿಸುತ್ತದೆ. ಅಂಥ ದ್ರವವನ್ನು 1940ರ ದಶಕದ ಕೊನೆಯಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಜೇಕಬ್ ರಾಬಿನೋ ರೂಪಿಸಿದ್ದರು. ಕಾರಿಗೆ ಅದು ಬಂದದ್ದು 2002ರಲ್ಲಿ: ಡೆಲ್ಫಿ ಕಂಪನಿಯ ಮ್ಯಾಗ್ನರೈಡ್ ವ್ಯವಸ್ಥೆ ಕ್ಯಾಡಿಲಾಕ್ ಸೆವಿಲ್ ಎಸ್‌ಟಿಎಸ್ ಕಾರಿನಲ್ಲಿ ಕಾಣಿಸಿಕೊಂಡಿತು.

ಈ ದ್ರವ ಎಂದರೆ ಕೆಲವೇ ಮೈಕ್ರಾನ್ ಗಾತ್ರದ ಮೃದು ಕಬ್ಬಿಣದ ಕಣಗಳನ್ನು ಕಲಸಿದ ಕೃತಕ ಎಣ್ಣೆ. ಪಿಸ್ಟನ್ನಿನೊಳಗೆ ತಾಮ್ರದ ತಂತಿಯ ಸುರುಳಿ ಇದೆ. ಅದರ ಸುತ್ತ ಉಂಗುರದಂಥ ಕಿರಿದಾದ ಸಂದಿಯಲ್ಲಿ ದ್ರವ ಹಾಯುತ್ತದೆ. ಬಾಗುವ ಬಿಲ್ಲೆಗಳಾಗಲಿ ಚಲಿಸುವ ವಾಲ್ವ್ ಆಗಲಿ ಇಲ್ಲ. ಸುರುಳಿಯಲ್ಲಿ ವಿದ್ಯುತ್ ಇಲ್ಲದಾಗ ಅದು ಎಣ್ಣೆಯಂತೆಯೇ ಹರಿಯುತ್ತದೆ. ಕೆಲವು ಆಂಪಿಯರ್ ವಿದ್ಯುತ್ ಹರಿದೊಡನೆ ಸಂದಿಗೆ ಅಡ್ಡಲಾಗಿ ಕಾಂತಕ್ಷೇತ್ರ ಹುಟ್ಟಿ, ಕಣಗಳು ಒಂದಕ್ಕೊಂದು ಅಂಟಿ, ಈ ಗೋಡೆಯಿಂದ ಆ ಗೋಡೆಗೆ ಸರಪಳಿಗಳಾಗಿ ನಿಲ್ಲುತ್ತವೆ. ಪಿಸ್ಟನ್ ಸರಿಯಬೇಕಾದರೆ ದ್ರವ ಈ ಸರಪಳಿಗಳನ್ನು ಮುರಿಯಬೇಕು. ಮುರಿದವು ಮತ್ತೆ ಕೂಡುತ್ತಲೇ ಇರುತ್ತವೆ. ವಿದ್ಯುತ್ ಹೆಚ್ಚಿದಷ್ಟೂ ಸರಪಳಿ ಗಟ್ಟಿ. ಬದಲಾವಣೆಗೆ ಬೇಕಾಗುವುದು ಕೆಲವೇ ಮಿಲಿಸೆಕೆಂಡು.

ಇಲ್ಲಿ ತಡೆಯ ಸ್ವಭಾವವೂ ಬೇರೆಯಾಗುತ್ತದೆ. ಸರಪಳಿ ಮುರಿಯಲು ಒಂದು ಕನಿಷ್ಠ ಬಲ ಬೇಕೇ ಬೇಕಾದ್ದರಿಂದ ಪಿಸ್ಟನ್ ಬಹಳ ನಿಧಾನವಾಗಿ ಸರಿಯುವಾಗಲೂ ದೊಡ್ಡ ತಡೆ ಸಿಗುತ್ತದೆ. ತಿರುವಿನಲ್ಲಿ ಕಾರು ವಾಲುವಾಗ, ಬ್ರೇಕ್ ಹಾಕಿದಾಗ ಮೂತಿ ತಗ್ಗುವಾಗ ಪಿಸ್ಟನ್ನಿನ ವೇಗ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್. ಸೆಕೆಂಡಿಗೆ 5 ಸೆಂಟಿಮೀಟರ್ ವೇಗದಲ್ಲಿ ನಮ್ಮ ಕಾರಿನ ಸಾಮಾನ್ಯ ಶಾಕ್ ಅಬ್ಸಾರ್ಬರ್ ಕೊಡುವ ತಡೆ ಸುಮಾರು 7 ಕಿಲೋಗ್ರಾಂ ಭಾರದಷ್ಟು. ಆಯಸ್ಕಾಂತೀಯದ್ದು ಅದೇ ವೇಗದಲ್ಲಿ ಅದರ ಹಲವು ಪಟ್ಟು ಕೊಡಬಲ್ಲದು, ಬೇಡವಾದಾಗ ಬಿಟ್ಟುಕೊಡಲೂ ಬಲ್ಲದು.

ಯಾವಾಗ ಬೇಕು, ಯಾವಾಗ ಬೇಡ ಎಂದು ನಿರ್ಧರಿಸುವುದು ಕಾರಿನ ಕಂಪ್ಯೂಟರ್. ಸಂವೇದಕಗಳು ಚಕ್ರದ ಏರಿಳಿತ, ಸ್ಟಿಯರಿಂಗ್, ಬ್ರೇಕ್ ಇವುಗಳ ಸುದ್ದಿ ಮುಟ್ಟಿಸುತ್ತವೆ. ಕಂಪ್ಯೂಟರ್ ಸೆಕೆಂಡಿಗೆ ಸಾವಿರದವರೆಗೂ ಲೆಕ್ಕ ಪರಿಷ್ಕರಿಸಿ ಪ್ರತಿ ಚಕ್ರಕ್ಕೂ ಬೇರೆಯಾಗಿ ವಿದ್ಯುತ್ ಕಳಿಸುತ್ತದೆ. ಇದರ ಹಿಂದಿನ ಒಂದು ಮುಖ್ಯ ನಿಯಮವನ್ನು ಡೀನ್ ಕಾರ್ನಾಪ್ ಮತ್ತು ಸಂಗಡಿಗರು 1974ರಲ್ಲಿ ಮುಂದಿಟ್ಟರು: ಮೈಯನ್ನು ಚಕ್ರಕ್ಕಲ್ಲ, ಆಕಾಶಕ್ಕೇ ಶಾಕ್ ಅಬ್ಸಾರ್ಬರಿನಿಂದ ಕಟ್ಟಿದ್ದರೆ ಎಂಥ ಬಲ ಹುಟ್ಟುತ್ತಿತ್ತೋ ಅದನ್ನು ಆದಷ್ಟೂ ಅನುಕರಿಸುವುದು.

ಒಂದು ಹಂಪ್ ದಾಟುವುದರಲ್ಲಿ ಇದು ಹೀಗೆ ನಡೆಯುತ್ತದೆ. 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ಹಂಪನ್ನು ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಒಂದು ಚಕ್ರ ದಾಟಲು ಅರ್ಧ ಸೆಕೆಂಡು ಸಾಕು. ಚಕ್ರ ಹತ್ತುವಾಗ ಸ್ಪ್ರಿಂಗ್ ಕುಗ್ಗುತ್ತದೆ, ಮೈ ಮೇಲೇಳತೊಡಗುತ್ತದೆ. ಆಗ ತಡೆ ಒಡ್ಡಿದರೆ ಅದು ಮೈಯನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ. ಆದ್ದರಿಂದ ವಿದ್ಯುತ್ ಇಳಿಯುತ್ತದೆ. ನೆತ್ತಿ ದಾಟಿ ಚಕ್ರ ಇಳಿಯುವಾಗ ಮೈ ಇನ್ನೂ ಏರುತ್ತಿದ್ದರೆ ಸ್ಪ್ರಿಂಗ್ ಹಿಗ್ಗುತ್ತಿರುತ್ತದೆ. ಈಗಿನ ತಡೆ ಮೈಯನ್ನು ಕೆಳಕ್ಕೆ ಎಳೆಯುತ್ತದೆ, ಬೇಕಾದದ್ದೂ ಅದೇ, ವಿದ್ಯುತ್ ಏರುತ್ತದೆ. ಸಮತಟ್ಟಾದ ರಸ್ತೆಗೆ ಬಂದು ಮೈ ಕೆಳಗಿಳಿಯುವಾಗಲೂ ತಡೆ ಅದರ ವಿರುದ್ಧವೇ ಇರುವುದರಿಂದ ಬಿಗಿ ಮುಂದುವರಿಯುತ್ತದೆ. ಬಿಗಿ ಸಡಿಲಗಳ ಈ ಸರದಿಯನ್ನು ಬಿಲ್ಲೆಗಳ ಹದವೊಂದರಿಂದಲೇ ಪಡೆಯಲಾಗದು: ಹಿಗ್ಗು ಯಾವುದು, ಕುಗ್ಗು ಯಾವುದು ಎಂದು ಬಿಲ್ಲೆಗೆ ಗೊತ್ತು, ಮೈ ಯಾವ ಕಡೆ ಹೊರಟಿದೆ ಎಂದು ಗೊತ್ತಿಲ್ಲ.

ಈ ವ್ಯವಸ್ಥೆಗೂ ಮಿತಿಗಳಿವೆ. ಅದು ಚಲನೆಯಿಂದ ಶಕ್ತಿಯನ್ನು ತೆಗೆಯಬಲ್ಲದೇ ಹೊರತು ಕೊಡಲಾರದು. ಮೈಯನ್ನು ಎತ್ತಿ ಹಿಡಿಯಲು ಬೇರೆ ಯಂತ್ರ ಬೇಕು. ವಿದ್ಯುತ್ ನಿಂತರೆ ದ್ರವದ ಸಹಜ ತಡೆ ಮಾತ್ರ ಉಳಿದು ಕಾರು ಮೃದುವಾಗಿ ತೂಗುತ್ತದೆ, ಆದರೆ ಓಡಿಸಬಹುದು. ವಿದ್ಯುತ್ ನಿಲ್ಲಿಸಿದಾಗ ಲೋಹದಲ್ಲಿ ಸುಳಿಯುವ ವಿದ್ಯುತ್ತಿನಿಂದಾಗಿ ಕಾಂತಕ್ಷೇತ್ರ ತಡವಾಗಿ ಇಳಿಯುತ್ತದೆ. ಅದನ್ನು ತಗ್ಗಿಸಲು ಮುಂದಿನ ತಲೆಮಾರಿನ ವಿನ್ಯಾಸಗಳಲ್ಲಿ ಎರಡು ಸುರುಳಿ ಬಳಸಿದರು. ಕಬ್ಬಿಣದ ಕಣ ಎಣ್ಣೆಗಿಂತ ಬಹಳ ಭಾರವಾದ್ದರಿಂದ ನಿಂತ ಕಾರಿನಲ್ಲಿ ತಳಕ್ಕೆ ಕೂರುತ್ತದೆ. ಹೆಪ್ಪುಗಟ್ಟದಂತೆ ಸೇರ್ಪಡೆಗಳನ್ನು ಬೆರೆಸಿರುವುದರಿಂದ ಪಿಸ್ಟನ್ ಆಡತೊಡಗಿದರೆ ಮತ್ತೆ ಕಲಸಿಕೊಳ್ಳುತ್ತದೆ. ಅದೇ ಕಣಗಳು ಸೀಲನ್ನೂ ದಂಡವನ್ನೂ ಸವೆಸಬಲ್ಲವಾದ್ದರಿಂದ ಎರಡಕ್ಕೂ ಗಟ್ಟಿಯಾದ ಮೇಲ್ಮೈ ಮತ್ತು ಬಿಗಿಯಾದ ಅಳತೆ ಬೇಕು. ಬೆಲೆ ಏರುವುದು ಇಲ್ಲಿಂದಲೇ. ಸೀಲ್ ಸೋರಿದರೆ ಇಲ್ಲಿಯೂ ಕೊಳವೆ ಒದ್ದೆಯಾಗುತ್ತದೆ, ತಂತಿ ಕಡಿದರೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ಬರುತ್ತದೆ. ಎರಡರಲ್ಲಿ ಯಾವುದೇ ಆದರೂ ಸಾಮಾನ್ಯವಾಗಿ ಇಡೀ ಘಟಕವನ್ನೇ ಬದಲಿಸಬೇಕಾಗುತ್ತದೆ.