ಕೆನ್ನೆ ಖಾಲಿಯೆಂದು ಬೋಳಿಸುವ ಮುಂಚೆ ಒಂದು ಸರಿಯಾದ ಫೋಟೋ

ಶವ್ವಾಲ್ ಕಳೆದು ಮದುವೆಗಳ ಸೀಸನ್ ಶುರುವಾಯಿತೆಂದರೆ ನಮ್ಮ ಮೊಬೈಲಿಗೆ ಎರಡು ಬಗೆಯ ಮೆಸೇಜು ಬರುತ್ತವೆ. ನಿಕಾಹ್‌ನ ದಿನ ಕೇಳುವವರದ್ದು ಒಂದು. ಗಡ್ಡದ ಫೋಟೋ ಕಳಿಸಿ “ಉಸ್ತಾದ್, ಇದನ್ನು ಏನು ಮಾಡುವುದು?” ಎನ್ನುವವರದ್ದು ಇನ್ನೊಂದು. ಕಳೆದ ಸಲ ಹೀಗೆ ಕೇಳಿದವನು ನಮ್ಮಲ್ಲೇ ಓದಿ ಈಗ ಗಲ್ಫ್‌ನಲ್ಲಿರುವ 24ರ ಹುಡುಗ. ಮದುವೆಗೆ ಒಂಬತ್ತು ವಾರ ಬಾಕಿ ಇತ್ತು. ಹುಡುಗಿಯ ಮನೆಯವರು ಒಂದು ಒಳ್ಳೆಯ ಫೋಟೋ ಕೇಳಿದ್ದರು. ಇವನ ಮಾವ “ಕೆನ್ನೆಯಲ್ಲಿ ಅಲ್ಲಲ್ಲಿ ಖಾಲಿ ಕಾಣುತ್ತದೆ, ಒಮ್ಮೆ ಕ್ಲೀನ್ ಮಾಡಿಬಿಡು, ಮದುವೆ ಮುಗಿದ ಮೇಲೆ ಬಿಟ್ಟರಾಯಿತು” ಅಂದಿದ್ದರು. ಹುಡುಗನಿಗೆ ಬೋಳಿಸಲು ಮನಸ್ಸಿಲ್ಲ, ಹಾಗೆಯೇ ಬಿಡಲು ನಾಚಿಕೆ.

ಬೋಳಿಸುವುದು ಹರಾಮೋ ಕರಾಹತ್ತೋ ಎಂಬಲ್ಲಿ ನಮ್ಮ ಶಾಫಿಈ ಮದ್‌ಹಬಿನ ಇಮಾಮರ ನಡುವೆ ಎರಡು ಮಾತಿದೆ. ಒಳ್ಳೆಯದೆಂದು ಹೇಳಿದವರಿಲ್ಲ. ಆದ್ದರಿಂದ ಆ ದಾರಿ ಬಿಟ್ಟು, ಅವನ ಮುಖದಲ್ಲಿ ಇರುವ ಕೂದಲಿಗೆ ಯಾವ ರೂಪ ಒಪ್ಪುತ್ತದೆ ಎಂದು ನೋಡೋಣ ಅಂದೆವು.

ಅವನು ಮೊದಲು ಕಳಿಸಿದ ಫೋಟೋ ನೋಡಿ ಏನೂ ಹೇಳುವ ಹಾಗಿರಲಿಲ್ಲ. ರಾತ್ರಿ ರೂಮಿನಲ್ಲಿ ಕೈ ಚಾಚಿ ತೆಗೆದ ಸೆಲ್ಫಿ ಅದು. ಸೆಲ್ಫಿ ಹತ್ತಿರದಿಂದ ತೆಗೆಯುವ ಕಾರಣ ಮೂಗು ದೊಡ್ಡದಾಗಿ, ದವಡೆ ಸಣ್ಣದಾಗಿ ಕಾಣುತ್ತದೆ. ಕೆಲವು ಫೋನಿನಲ್ಲಿ ಎಡ ಬಲ ಅದಲು ಬದಲಾಗುತ್ತದೆ, ಎಡಗೆನ್ನೆಯ ಖಾಲಿ ಜಾಗ ಬಲಗೆನ್ನೆಯಲ್ಲಿ ಕಾಣುತ್ತದೆ. ಬ್ಯೂಟಿ ಎಂಬುದು ಆನ್ ಇದ್ದರೆ ತೆಳು ಕೂದಲನ್ನು ಚರ್ಮದ ಕಲೆಯೆಂದು ತಿಳಿದು ಅಳಿಸಿಬಿಡುತ್ತದೆ. ತಲೆಯ ಮೇಲಿನ ಲೈಟು ಇದಕ್ಕೆ ಉಲ್ಟಾ. ಗಲ್ಲದ ಕೆಳಗೆ ನೆರಳು ಬಿದ್ದು, ಇಲ್ಲದ ದಟ್ಟ ತೋರಿಸುತ್ತದೆ.

ಹಾಗಾಗಿ ಪುನಃ ತೆಗೆಯಲು ಹೇಳಿದೆವು. ಹಗಲಲ್ಲಿ ಕಿಟಕಿಗೆ ಮುಖ ಮಾಡಿ ನಿಲ್ಲಬೇಕು, ಬಿಸಿಲು ನೇರ ಬೀಳಬಾರದು. ಇನ್ನೊಬ್ಬರು ಎರಡು ಮೀಟರ್ ದೂರದಿಂದ, ಕಣ್ಣಿನ ಎತ್ತರದಲ್ಲಿ, ಫೋನಿನ ಹಿಂದಿನ ಕ್ಯಾಮೆರಾದಲ್ಲಿ ತೆಗೆಯಬೇಕು. ಗಡ್ಡ ಒಣಗಿರಬೇಕು, ಎಣ್ಣೆ ಬೇಡ. ಎಣ್ಣೆ ಹಚ್ಚಿದರೆ ಕೂದಲು ಒಂದಕ್ಕೊಂದು ಅಂಟಿ ನಡುವೆ ಚರ್ಮ ಕಾಣುತ್ತದೆ. ಎದುರಿನಿಂದ ಒಂದು, ಎರಡು ಬದಿಯಿಂದ ಒಂದೊಂದು, ಗಲ್ಲ ಎತ್ತಿ ಕುತ್ತಿಗೆಯದ್ದು ಒಂದು, ಒಟ್ಟು ನಾಲ್ಕು. ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಒತ್ತಿ ಸಣ್ಣ ಮಾಡುತ್ತದೆ, ಸಣ್ಣ ಕೂದಲು ಮಸುಕಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದದ್ದು ಇದ್ದಂತೆ ಬರುತ್ತದೆ. ಮುಖ್ಯವಾಗಿ, ಫೋಟೋ ತೆಗೆಯುವ ಮುಂಚೆ ಎರಡು ವಾರ ಟ್ರಿಮ್ಮರ್ ಮುಟ್ಟಬಾರದು. ನಿನ್ನೆ ಕತ್ತರಿಸಿದ ಗಡ್ಡದಲ್ಲಿ ಕೂದಲು ಯಾವ ದಿಕ್ಕಿಗೆ ಬಾಗುತ್ತದೆ ಎಂದು ಯಾರಿಗೂ ತಿಳಿಯದು.

ಎರಡು ವಾರ ಬಿಟ್ಟು ನಾಲ್ಕು ಫೋಟೋ ಬಂತು. ಈಗ ಓದುವುದು ಹೇಗೆ?

ದಟ್ಟ ಯಾವುದು, ತೆಳು ಯಾವುದು ಎಂಬ ಪ್ರಶ್ನೆಗೆ ದರ್ಸ್‌ನಲ್ಲಿ ಓದಿದವರಿಗೆ ಉತ್ತರ ಗೊತ್ತಿದೆ. ಪೊನ್ನಾನಿಯ ಝೈನುದ್ದೀನ್ ಮಖ್ದೂಮರ ಫತ್‌ಹುಲ್ ಮುಈನ್‌ನಲ್ಲಿ ವುಝೂವಿನ ಭಾಗದಲ್ಲೇ ಅದು ಬರುತ್ತದೆ. ಎದುರು ಬದುರು ಕುಳಿತು ಮಾತನಾಡುವಷ್ಟು ದೂರದಿಂದ ನೋಡಿದಾಗ ಕೂದಲಿನ ನಡುವೆ ಚರ್ಮ ಕಾಣದಿದ್ದರೆ ದಟ್ಟ, ಕಂಡರೆ ತೆಳು. ನಾವು ಎರಡು ಮೀಟರ್ ಅಂದದ್ದೂ ಹೆಚ್ಚು ಕಮ್ಮಿ ಅದೇ ದೂರ. ಹುಡುಗರು ಫೋಟೋವನ್ನು ಎರಡು ಬೆರಳಿನಿಂದ ಎಳೆದು ದೊಡ್ಡದು ಮಾಡಿ ಪ್ರತಿ ಕೂದಲಿನ ನಡುವೆ ಖಾಲಿ ಹುಡುಕುತ್ತಾರೆ. ಹಾಗೆ ನೋಡಿದರೆ ಯಾರ ಗಡ್ಡವೂ ದಟ್ಟವಲ್ಲ. ಎಳೆಯದೆ, ಫೋನನ್ನು ಸಾಧಾರಣ ದೂರದಲ್ಲಿ ಹಿಡಿದು ನೋಡಿ. ಆಗ ಎಲ್ಲಿ ಚರ್ಮ ಹೊಳೆಯುತ್ತದೋ ಅದೇ ತೆಳು ಜಾಗ.

ಮುಖವನ್ನು ಇಡಿಯಾಗಿ ನೋಡದೆ ಭಾಗ ಮಾಡಿ ನೋಡಬೇಕು. ಇದಕ್ಕೂ ಫಿಖ್‌ಹ್ ಕಿತಾಬಿನ ಹೆಸರುಗಳೇ ಸಾಕು. ಕಿವಿಯ ಪಕ್ಕದ ಎಲುಬಿನ ಮೇಲಿನದ್ದು ಇದಾರ್, ಅದರ ಕೆಳಗೆ ಕೆನ್ನೆಯ ಬದಿಯಲ್ಲಿ ಗಲ್ಲದವರೆಗೆ ಬರುವುದು ಆರಿಳ್, ಗಲ್ಲದ್ದು ಲಿಹ್ಯ, ಕೆಳತುಟಿಯ ಅಡಿಯ ಚಿಕ್ಕ ಗೊಂಚಲು ಅನ್ಫಖ. ಮೇಲೆ ಮೀಸೆ.

ನಮ್ಮ ಹುಡುಗನದ್ದು ಹೀಗಿತ್ತು. ಗಲ್ಲ ಮತ್ತು ದವಡೆಯ ಅಂಚು ಪೂರ್ತಿ ದಟ್ಟ. ಮೀಸೆ ದಟ್ಟ, ಆದರೆ ಬಾಯಿಯ ಎರಡು ಮೂಲೆಯಲ್ಲಿ ಮೀಸೆಗೂ ಗಲ್ಲಕ್ಕೂ ನಡುವೆ ಸುಮಾರು ಒಂದೂವರೆ ಸೆಂಟಿಮೀಟರ್ ಖಾಲಿ. ಎಡ ಆರಿಳ್‌ನ ಮಧ್ಯ ಹೆಬ್ಬೆರಳ ಉಗುರಿನಷ್ಟು ತೆಳು ಜಾಗ, ಅದರ ಮೇಲೆ ಪುನಃ ಸಾಕಷ್ಟು ಕೂದಲು. ಬಲಗೆನ್ನೆ ಚೆನ್ನಾಗಿದೆ. ಕುತ್ತಿಗೆಯ ಬಲಬದಿಯಲ್ಲಿ ಕೂದಲು ಕೆಳಗೆ ಹೋಗುವ ಬದಲು ಅಡ್ಡಕ್ಕೆ ಸುಳಿ ತಿರುಗಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ಕೆನ್ನೆಯ ಕೂದಲು ಹೆಚ್ಚಿನವರಿಗೆ ಕೆಳಮುಖವಾಗಿ ಬೆಳೆಯುತ್ತದೆ. ಹಂಚಿನ ಮಾಡಿನ ಹಾಗೆ, ಮೇಲಿನ ಸಾಲು ಕೆಳಗಿನ ಸಾಲನ್ನು ಮುಚ್ಚುತ್ತದೆ. ತೆಳು ಜಾಗದಲ್ಲಿ ಹೊಸ ಕೂದಲು ಹುಟ್ಟಬೇಕೆಂದೇ ಇಲ್ಲ, ಅದರ ಮೇಲಿನ ಕೂದಲು ಉದ್ದವಾಗಿ ಇಳಿದರೆ ಸಾಕು. ಗಡ್ಡ ತಿಂಗಳಿಗೆ ಒಂದರಿಂದ ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ. ಒಂದೂವರೆ ಸೆಂಟಿಮೀಟರ್ ಖಾಲಿ ಮುಚ್ಚಲು ಆರು ವಾರ ಹಿಡಿಯುತ್ತದೆ. ಮೂರನೇ ವಾರದಲ್ಲಿ ಅತಿ ಕೆಟ್ಟದಾಗಿ ಕಾಣುತ್ತದೆ. ಹೆಚ್ಚಿನ ಹುಡುಗರು ಬೋಳಿಸುವುದು ಆ ವಾರವೇ. ಬೋಳಿಸಿದರೆ ದಟ್ಟವಾಗಿ ಬರುತ್ತದೆ ಎನ್ನುವುದು ಬರೀ ಮಾತು. ತುದಿ ಕತ್ತರಿಸಿದ ಕೂದಲು ಮೊಂಡಾಗಿ ದಪ್ಪ ಕಾಣುತ್ತದೆ ಅಷ್ಟೇ, ಎಣಿಕೆ ಒಂದೂ ಹೆಚ್ಚಾಗುವುದಿಲ್ಲ.

ಈ ಹುಡುಗನ ಮೊದಲಿನ ಎಡವಟ್ಟು ಎಲ್ಲಾಗಿತ್ತು ಎಂದು ಹಳೆಯ ಫೋಟೋ ನೋಡಿ ತಿಳಿಯಿತು. ಯಾವನೋ ಆಟಗಾರನ ಚಿತ್ರ ತೋರಿಸಿ ಒಂದು ಸೆಲೂನ್‌ನಲ್ಲಿ ಕೆನ್ನೆಗೆ ಚೂಪು ಗೆರೆ ಹೊಡೆಸಿದ್ದ. ಎರಡು ಕೆನ್ನೆಯೂ ಸಮ ಕಾಣಲೆಂದು ಗೆರೆಯನ್ನು ತೆಳು ಜಾಗದ ಹತ್ತಿರಕ್ಕೇ ಇಳಿಸಿದ್ದರು. ಅಂದರೆ ಮುಚ್ಚಬೇಕಾದ ಮೇಲಿನ ಹಂಚನ್ನೇ ತೆಗೆದಂತಾಯಿತು. ಆಟಗಾರನ ಕೆನ್ನೆ ಪೂರ್ತಿ ದಟ್ಟ, ಅವನಿಗೆ ಆ ಗೆರೆ ನಡೆಯುತ್ತದೆ. ಚಿತ್ರ ತೋರಿಸುವುದಾದರೆ ನಿಮ್ಮಂತೆಯೇ ತೆಳು ಇರುವವನ ಚಿತ್ರ ಹುಡುಕಿ ತೋರಿಸಿ.

ಹಾಗಾದರೆ ಯಾವ ಮುಖಕ್ಕೆ ಯಾವುದು? ಕೆನ್ನೆ, ಗಲ್ಲ, ಮೀಸೆ ಎಲ್ಲವೂ ದಟ್ಟ ಇದ್ದವನಿಗೆ ಗಿಡ್ಡವೂ ಉದ್ದವೂ ಒಪ್ಪುತ್ತದೆ, ಅವನ ಬಗ್ಗೆ ಬರೆಯುವುದಕ್ಕೇನಿಲ್ಲ. ಎರಡೂ ಕೆನ್ನೆ ತೆಳು, ಗಲ್ಲ ಮಾತ್ರ ದಟ್ಟ ಇದ್ದವನು ಕೆನ್ನೆಯನ್ನು ಗಿಡ್ಡವಾಗಿಟ್ಟು ಗಲ್ಲದಲ್ಲಿ ಉದ್ದ ಬಿಟ್ಟರೆ ನೋಡುವವರ ಕಣ್ಣು ಗಲ್ಲಕ್ಕೆ ಹೋಗುತ್ತದೆ. ನಮ್ಮ ಹಳೆಯ ಉಸ್ತಾದರಲ್ಲಿ ಹಲವರ ಗಡ್ಡ ತಾನಾಗಿ ಹೀಗೆಯೇ ಇತ್ತು, ಅವರು ಯಾವ ಸೆಲೂನಿಗೂ ಹೋದವರಲ್ಲ. ಎಲ್ಲೆಡೆ ತೆಳು ಇದ್ದವನು ಉದ್ದ ಬಿಟ್ಟರೆ ಎಳೆ ಎಳೆಯಾಗಿ ಜೋತು ಬೀಳುತ್ತದೆ ಎಂದು ದೂರುತ್ತಾನೆ. ಅಂಥವನಿಗೆ ಗಿಡ್ಡ, ಎಲ್ಲ ಕಡೆ ಒಂದೇ ಅಳತೆ ಚೆನ್ನಾಗಿ ಕಾಣುತ್ತದೆ. ನಮ್ಮ ಮನಸ್ಸಿಗೆ ಬಿಟ್ಟದ್ದೇ ಚೆಂದ, ಆದರೆ ಬೋಳಿಸುವುದಕ್ಕೆ ಹೊರಟವನಿಗೆ ಗಿಡ್ಡ ಇಡು ಎನ್ನುವುದು ಹಗುರದ ದಾರಿ.

ನಮ್ಮ ಹುಡುಗ ಇದ್ಯಾವುದಕ್ಕೂ ಸರಿಯಾಗಿ ಸೇರುವವನಲ್ಲ. ಒಂದು ಕೆನ್ನೆಯಲ್ಲಿ ಮಾತ್ರ ಚಿಕ್ಕ ಖಾಲಿ, ಬಾಯಿಯ ಮೂಲೆಯಲ್ಲಿ ಸೇರದ ಮೀಸೆ. “ಮೋನೇ, ಆರು ವಾರ ಕೆನ್ನೆ ಮತ್ತು ಗಲ್ಲ ಮುಟ್ಟಬೇಡ” ಅಂದೆವು. ಮೀಸೆಯನ್ನು ಸುನ್ನತ್ತಿನಂತೆ ತುಟಿಯ ಅಂಚು ಕಾಣುವಷ್ಟು ಕತ್ತರಿಸಲು ಹೇಳಿದೆವು. ಇದರಿಂದ ಇನ್ನೊಂದು ಉಪಕಾರವೂ ಆಯಿತು. ಮೀಸೆ ಕಪ್ಪಗೆ ದಪ್ಪಗಿದ್ದರೆ ಪಕ್ಕದ ಖಾಲಿ ಇನ್ನೂ ಬಿಳಿಯಾಗಿ ಕಾಣುತ್ತದೆ, ಮೀಸೆ ಇಳಿದರೆ ಅಷ್ಟು ಎದ್ದು ಕಾಣುವುದಿಲ್ಲ. ಮೂಲೆಯ ಕೂದಲನ್ನು ಮಾತ್ರ ಬಿಟ್ಟು ದಿನಾ ಕೆಳಕ್ಕೆ ಬಾಚಿದ.

ಕುತ್ತಿಗೆಯ ಸುಳಿಯಲ್ಲಿ ಉದ್ದ ಬಿಟ್ಟರೆ ಗಡ್ಡ ಬಲಕ್ಕೆ ವಾಲಿದಂತೆ ಕಾಣುತ್ತಿತ್ತು. ಗಂಟಲ ಗಂಟಿನಿಂದ ಎರಡು ಬೆರಳು ಮೇಲೆ ಒಂದು ಗೆರೆ ಎಣಿಸಿ, ಅದರ ಕೆಳಗಿನದ್ದನ್ನಷ್ಟೇ ತೆಗೆಸಿದೆವು. ಕೆಲವರು ಈ ಗೆರೆಯನ್ನು ದವಡೆಯ ಎಲುಬಿಗೇ ತಂದುಬಿಡುತ್ತಾರೆ. ಆಗ ತಲೆ ತಗ್ಗಿಸಿದ ಕೂಡಲೇ ಗಡ್ಡದ ಅಡಿಯಲ್ಲಿ ಬೋಳು ಮಾಂಸ ಕಾಣುತ್ತದೆ, ಫೋಟೋದಲ್ಲಿ ಎರಡು ಗಲ್ಲ ಬಂದಂತಿರುತ್ತದೆ.

ಆರು ವಾರ ಕಳೆದು ಅದೇ ಕಿಟಕಿಯ ಎದುರು ಪುನಃ ನಾಲ್ಕು ಫೋಟೋ. ಕೆನ್ನೆಯ ಖಾಲಿ ಮುಚ್ಚಿತ್ತು. ಬಾಯಿಯ ಬಲ ಮೂಲೆ ಸೇರಿತ್ತು, ಎಡ ಮೂಲೆ ಪೂರ್ತಿ ಸೇರಿರಲಿಲ್ಲ. ಅದು ಈ ಮದುವೆಗೆ ಸೇರುವುದೂ ಇಲ್ಲ ಎಂದು ಅವನಿಗೆ ಹೇಳಿದೆವು. ಕೆಲವರಿಗೆ ಮೂವತ್ತರ ಹತ್ತಿರ ಬಂದ ಮೇಲೆ ಅಲ್ಲಿ ತುಂಬುತ್ತದೆ, ಕೆಲವರಿಗೆ ಇಲ್ಲ. ಎಣ್ಣೆಯ ಬಾಟಲಿಗೆ ದುಡ್ಡು ಹಾಕಬೇಡ ಅಂದೆವು. ಕೆನ್ನೆಯ ಮೇಲೆ ಒಂಟಿಯಾಗಿ ನಿಂತಿದ್ದ ನಾಲ್ಕೈದು ಕೂದಲು ತೆಗೆಸಿ, ಹೊರಗೆ ಚಾಚಿದ ತುದಿಗಳನ್ನು ಕತ್ತರಿಯಿಂದ ಸಮ ಮಾಡಿಸಿ ಆ ಫೋಟೋವನ್ನೇ ಹುಡುಗಿಯ ಮನೆಗೆ ಕಳಿಸಿದರು. ಮಾವ ಏನೂ ಹೇಳಲಿಲ್ಲವಂತೆ.

ಖಾಲಿ ಜಾಗವೆಲ್ಲ ಒಂದೇ ಅಲ್ಲ ಎಂಬುದನ್ನೂ ನೋಡಿಕೊಳ್ಳಿ. ಮೊದಲು ಕೂದಲಿದ್ದ ಕಡೆ ನಾಣ್ಯದಂತೆ ದುಂಡಗೆ, ನುಣುಪಾಗಿ ಉದುರಿದ್ದರೆ, ಅಥವಾ ಕೆಂಪಾಗಿ ತುರಿಕೆ, ಹೊಟ್ಟು ಇದ್ದರೆ ಅದು ಬೆಳವಣಿಗೆಯ ರೀತಿಯಲ್ಲ, ರೋಗ. ಅದಕ್ಕೆ ಯಾವ ರೂಪ ಒಪ್ಪುತ್ತದೆ ಎಂದು ಹುಡುಕದೆ ಚರ್ಮದ ಡಾಕ್ಟರಿಗೆ ತೋರಿಸಬೇಕು.

ಫೋಟೋ ಕಳಿಸಿದ ಮೇಲೆ ಹುಡುಗ ಇನ್ನೊಂದು ಕೇಳಿದ. ಇಷ್ಟು ದಿನ ತೆಳು ಇತ್ತು, ಈಗ ಮುಚ್ಚಿದೆ, ವುಝೂವಿಗೆ ನೀರು ಎಲ್ಲಿಯವರೆಗೆ ಮುಟ್ಟಬೇಕು? ಗಲ್ಲದಲ್ಲೂ ಆರಿಳ್‌ನಲ್ಲೂ ದಟ್ಟ ಇದ್ದಲ್ಲಿ ಮೇಲ್ಭಾಗ ತೊಳೆದರೆ ಫರ್ಳ್ ಆಯಿತು, ಒಳಗೆ ಒದ್ದೆ ಬೆರಳು ಆಡಿಸುವುದು ಸುನ್ನತ್. ತೆಳು ಇದ್ದಲ್ಲಿ ಚರ್ಮ ಒದ್ದೆಯಾಗಲೇಬೇಕು. ಮೀಸೆ, ಅನ್ಫಖ, ಇದಾರ್ ದಟ್ಟವಿದ್ದರೂ ಒಳಗೆ ನೀರು ಮುಟ್ಟಬೇಕು. ದಟ್ಟ ಎಲ್ಲಿ ಮುಗಿದು ತೆಳು ಎಲ್ಲಿ ಶುರು ಎಂದು ಬೇರೆ ಮಾಡಲಾಗದಿದ್ದರೆ ಎಲ್ಲವನ್ನೂ ಒಳಗಿನವರೆಗೆ ತೊಳೆಯಬೇಕು. ಅವನ ಎಡಗೆನ್ನೆಯಲ್ಲಿ ಈಗ ಅದೇ ಸ್ಥಿತಿ, ಆದ್ದರಿಂದ ಆ ಬದಿಗೆ ಒಂದು ಬೊಗಸೆ ನೀರು ಜಾಸ್ತಿ ಹಾಕು ಅಂದೆವು.