ಕೃತಕ ಕಾಲು: ತೊಡುವುದು, ನಡೆಯುವುದು, ಕೆಲಸಕ್ಕೆ ಬರುವುದು

ಲ್ಯಾಬ್‌ಗೆ ಬರುವ ವಿದ್ಯಾರ್ಥಿಗಳು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಮೂರು. ಈ ಕಾಲನ್ನು ನಿಮ್ಮ ಅಳತೆಗೆ ಹೇಗೆ ಮಾಡಿದರು? ಇಲ್ಲದ ಕಾಲು ನೋಯುತ್ತದೆ ಎನ್ನುವುದು ನಿಜವೇ? ಮತ್ತೆ ಕೆಲಸಕ್ಕೆ ಹೇಗೆ ಬಂದಿರಿ? ಒಬ್ಬೊಬ್ಬರಿಗೆ ಅರ್ಧರ್ಧ ಹೇಳುವ ಬದಲು ಎಲ್ಲರಿಗೂ ಒಟ್ಟಿಗೆ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮದ್ದೂರಿನವನು. ಮಂಡ್ಯದ ಮದ್ದೂರಲ್ಲ, ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ದಾರಿಯ ಮದ್ದೂರು. ಬೈಕ್ ಅಪಘಾತದ ನಂತರ ನನ್ನ ಎಡಗಾಲನ್ನು ಮೊಣಕಾಲಿನಿಂದ ಸುಮಾರು ಆರು ಇಂಚು ಕೆಳಗೆ ತೆಗೆದರು. ಉಳಿದ ಆ ಭಾಗವನ್ನು ಡಾಕ್ಟರುಗಳು ಸ್ಟಂಪ್ ಎನ್ನುತ್ತಾರೆ. ಕ್ರಿಕೆಟ್ ಆಡುವವರಿಗೆ ನಗು ಬರಬಹುದು, ಆದರೆ ನಾನೂ ಅದೇ ಪದ ಬಳಸುತ್ತೇನೆ.

ಅಳತೆ ಮತ್ತು ಅಚ್ಚು

ಗಾಯ ಒಣಗಿದ ಕೂಡಲೇ ಕಾಲು ಕೊಡುವುದಿಲ್ಲ. ಸ್ಟಂಪ್ ಮೊದಲು ಊದಿರುತ್ತದೆ. ಅದರ ಊತ ಇಳಿದು ಒಂದು ಆಕಾರಕ್ಕೆ ಬರಲು ಎಳೆಯುವ ಬ್ಯಾಂಡೇಜನ್ನು ಎಂಟರ ಆಕಾರದಲ್ಲಿ, ತುದಿಯಲ್ಲಿ ಬಿಗಿ, ಮೇಲೆ ಹೋದಂತೆ ಸಡಿಲವಾಗಿ ಸುತ್ತಬೇಕು. ದಿನಕ್ಕೆ ಹಲವು ಸಲ ಬಿಚ್ಚಿ ಮತ್ತೆ ಸುತ್ತಬೇಕು. ಈ ದಿನಗಳಲ್ಲಿ ಮೊಣಕಾಲಿನ ಕೆಳಗೆ ದಿಂಬು ಇಡಬಾರದು. ಹಿತವೆನಿಸುತ್ತದೆ ನಿಜ, ಆದರೆ ಮಂಡಿ ಮಡಚಿದಂತೆಯೇ ಗಟ್ಟಿಯಾಗಿಬಿಟ್ಟರೆ ಮುಂದೆ ಯಾವ ಕೃತಕ ಕಾಲೂ ಸರಿಯಾಗಿ ಕೂರುವುದಿಲ್ಲ.

ಆಮೇಲೆ ಅಚ್ಚು. ತಂತ್ರಜ್ಞರು ಸ್ಟಂಪಿನ ಮೇಲೆ ಮೂಳೆ ಉಬ್ಬಿರುವ ಜಾಗಗಳನ್ನು ಗುರುತು ಹಾಕಿ, ಒದ್ದೆ ಪ್ಲಾಸ್ಟರ್ ಪಟ್ಟಿ ಸುತ್ತುತ್ತಾರೆ. ಗಟ್ಟಿಯಾದ ಮೇಲೆ ಅದನ್ನು ಕಳಚಿ ಒಳಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದರೆ ಸ್ಟಂಪಿನ ಪ್ರತಿರೂಪ ಸಿಗುತ್ತದೆ. ನಿಜವಾದ ಕೈಚಳಕ ಇರುವುದು ಇಲ್ಲಿಂದ ಮುಂದೆ. ಆ ಪ್ರತಿರೂಪವನ್ನು ಇದ್ದಂತೆಯೇ ಬಿಡುವುದಿಲ್ಲ. ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ಭಾರ ತಾಳುತ್ತದೆ, ಆದ್ದರಿಂದ ಅಲ್ಲಿ ಪ್ಲಾಸ್ಟರ್ ಕೆರೆದು ತೆಗೆಯುತ್ತಾರೆ. ಹೊರಬದಿಯ ಸಣ್ಣ ಮೂಳೆಯ ತಲೆ ಮತ್ತು ಕತ್ತರಿಸಿದ ಮೂಳೆಯ ತುದಿ ಭಾರ ತಾಳುವುದಿಲ್ಲ, ಅಲ್ಲಿ ಪ್ಲಾಸ್ಟರ್ ಸೇರಿಸುತ್ತಾರೆ. ಇದರ ಮೇಲೆ ಬಿಸಿ ಪ್ಲಾಸ್ಟಿಕ್ ಎಳೆದು ಮಾಡಿದ ಬಟ್ಟಲೇ ಸಾಕೆಟ್. ಹಾಗಾಗಿ ನಾನು ನಿಂತಾಗ ಭಾರ ಬೀಳುವುದು ನೀವು ಊಹಿಸುವಂತೆ ಸ್ಟಂಪಿನ ತುದಿಯ ಮೇಲಲ್ಲ, ಮಂಡಿಚಿಪ್ಪಿನ ಕೆಳಗೆ ಮತ್ತು ಸುತ್ತಲಿನ ಮಾಂಸದ ಮೇಲೆ. ಮಂಡಿಯ ಮೇಲೆ ಕಟ್ಟುವ ಒಂದು ಪಟ್ಟಿ ಕಾಲು ಜಾರದಂತೆ ಹಿಡಿದಿರುತ್ತದೆ.

ನನ್ನದು ಜೈಪುರ ಕಾಲು. 1968ರಲ್ಲಿ ಜೈಪುರದಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ಮೂಳೆ ತಜ್ಞ ಡಾ. ಪಿ.ಕೆ. ಸೇಠಿ ಸೇರಿ ರೂಪಿಸಿದ್ದು. ಹೊರದೇಶದ ಕೃತಕ ಪಾದಗಳು ಬೂಟು ಹಾಕಿ ಕುರ್ಚಿಯಲ್ಲಿ ಕೂರುವವರಿಗಾಗಿ ಮಾಡಿದ್ದವು. ಇದರ ಪಾದ ರಬ್ಬರಿನದು, ಎಲ್ಲ ದಿಕ್ಕಿಗೂ ಸ್ವಲ್ಪ ಬಾಗುತ್ತದೆ. ಬರಿಗಾಲಲ್ಲಿ ಕೆಸರಿನಲ್ಲೂ ನಡೆಯಬಹುದು. ಸಾಕೆಟ್ ಮತ್ತು ಕಣಕಾಲನ್ನು ಗದ್ದೆ ತೋಟಕ್ಕೆ ನೀರು ಹಾಯಿಸುವ ಎಚ್‌ಡಿಪಿಇ ಪೈಪಿನಿಂದಲೇ ಮಾಡುತ್ತಾರೆ. ಇದರಲ್ಲಿ ನೆಲಕ್ಕೆ ಕೂರಲು ಆಗುತ್ತದೆ. ಆದರೆ ಮಂಡಿ ಪೂರ್ತಿ ಮಡಚಿದರೆ ಸಾಕೆಟ್ಟಿನ ಹಿಂಬದಿಯ ಅಂಚು ಒತ್ತುವುದರಿಂದ ನಮಾಜಿಗೆ ನಾನು ಕುರ್ಚಿ ಹಾಕಿಕೊಳ್ಳುತ್ತೇನೆ.

ಕಾಲ್ಚೀಲದ ಲೆಕ್ಕ

ಸಾಕೆಟ್ ಬದಲಾಗುವುದಿಲ್ಲ, ಸ್ಟಂಪ್ ಬದಲಾಗುತ್ತಲೇ ಇರುತ್ತದೆ. ಕೃತಕ ಕಾಲಿನ ಜೊತೆ ಬಾಳುವುದು ಎಂದರೆ ಮುಖ್ಯವಾಗಿ ಇದನ್ನು ಅರಿತಿರುವುದು. ನಡೆದಂತೆ ಸ್ಟಂಪಿನಲ್ಲಿರುವ ದ್ರವ ಹಿಂಡಿ ಹೋಗಿ ಅದು ಸಣ್ಣದಾಗುತ್ತದೆ. ಬೆಳಗ್ಗೆ ಒಂದು ಹತ್ತಿಯ ಕಾಲ್ಚೀಲ ಹಾಕಿ ಸಾಕೆಟ್ ತೊಡುತ್ತೇನೆ, ಸರಿಯಾಗಿ ಕೂರುತ್ತದೆ. ಎರಡು ಪೀರಿಯಡ್ ಕಳೆಯುವಷ್ಟರಲ್ಲಿ ಸ್ಟಂಪ್ ಒಳಗೆ ಇಳಿದಿರುತ್ತದೆ. ತುದಿ ತಳಕ್ಕೆ ತಾಗಿ ನೋಯುತ್ತದೆ, ಎಡಗಾಲು ಗಿಡ್ಡವಾದಂತೆ ಅನಿಸುತ್ತದೆ, ಹೆಜ್ಜೆ ಇಟ್ಟಾಗ ಪಾದ ತಿರುಗುತ್ತದೆ. ಆಗ ಸ್ಟೋರ್ ರೂಮಿಗೆ ಹೋಗಿ ಎರಡನೇ ಕಾಲ್ಚೀಲ ಹಾಕುತ್ತೇನೆ. ಇದರ ತಿರುಗುಮುರುಗೂ ಉಂಟು. ಕಾಲ್ಚೀಲ ಹೆಚ್ಚಾದರೆ ಸ್ಟಂಪ್ ಪೂರ್ತಿ ಇಳಿಯದೆ ಕಾಲು ಉದ್ದವಾದಂತೆ ಅನಿಸುತ್ತದೆ, ತುದಿ ಊದುತ್ತದೆ.

ರಾತ್ರಿ ಕಾಲು ಬಿಚ್ಚಿದಾಗ ಚರ್ಮ ಕೆಂಪಾಗಿರುತ್ತದೆ. ಕಾಲು ಗಂಟೆಯೊಳಗೆ ಅದು ಮಾಸಿದರೆ ಚಿಂತೆಯಿಲ್ಲ. ಮಾಸದಿದ್ದರೆ, ಅದೂ ಮೂಳೆಯ ಮೇಲಿದ್ದರೆ, ಅಲ್ಲಿ ಒತ್ತಡ ತಪ್ಪಾಗಿ ಬೀಳುತ್ತಿದೆ ಎಂದರ್ಥ. ಬೊಬ್ಬೆ ಎದ್ದರೆ ಗುಣವಾಗುವ ತನಕ ಕಾಲು ತೊಡಬಾರದು. ಸ್ಟಂಪನ್ನು ರಾತ್ರಿಯೇ ಸೋಪು ಹಾಕಿ ತೊಳೆದು ಒರೆಸುತ್ತೇನೆ. ಬೆಳಗ್ಗೆ ತೊಳೆದರೆ ತೇವದ ಚರ್ಮ ಸಾಕೆಟ್ಟಿಗೆ ಅಂಟಿ ಉಜ್ಜಿಕೊಳ್ಳುತ್ತದೆ. ಎಷ್ಟು ಕಾಲ್ಚೀಲ ಹಾಕಿದರೂ ಸಡಿಲ ಎನಿಸಿದರೆ ಹೊಸ ಸಾಕೆಟ್ ಬೇಕು. ಮೊದಲ ವರ್ಷದಲ್ಲಿ ಇದು ಸಾಮಾನ್ಯ. ಶಿಬಿರದಲ್ಲಿ ಒಂದು ಸಲ ಕೊಟ್ಟ ಕಾಲು ಎಷ್ಟೋ ಮನೆಗಳಲ್ಲಿ ಅಟ್ಟ ಸೇರುವುದಕ್ಕೆ ಇದೂ ಒಂದು ಕಾರಣ.

ಇಲ್ಲದ ಕಾಲಿನ ನೋವು

ಹೌದು, ಅದು ನಿಜ. ನನ್ನ ಎಡ ಹೆಬ್ಬೆರಳು ಈಗಲೂ ಇದೆ ಎನಿಸುತ್ತದೆ, ಕೆಲವೊಮ್ಮೆ ತುರಿಸುತ್ತದೆ. ಇಷ್ಟೇ ಆದರೆ ತೊಂದರೆಯಿಲ್ಲ. ಆದರೆ ಮೊದಲ ತಿಂಗಳುಗಳಲ್ಲಿ ಬೆರಳುಗಳನ್ನು ಯಾರೋ ಹಿಂಡಿದಂಥ ನೋವು ಬರುತ್ತಿತ್ತು. ಮಿದುಳಿನಲ್ಲಿ ದೇಹದ ಪ್ರತಿ ಭಾಗಕ್ಕೂ ಒಂದು ಜಾಗವಿದೆ. ಕಾಲು ಹೋದರೂ ಕಾಲಿನ ಆ ಜಾಗ ಹೋಗುವುದಿಲ್ಲ. ಜೊತೆಗೆ ಕತ್ತರಿಸಿದ ನರದ ತುದಿಗಳೂ ಸಂಕೇತ ಕಳಿಸುತ್ತಲೇ ಇರುತ್ತವೆ. ಮಾಮೂಲಿ ನೋವಿನ ಮಾತ್ರೆಗೆ ಇದು ಅಷ್ಟಾಗಿ ಬಗ್ಗುವುದಿಲ್ಲ, ನರಗಳ ಮೇಲೆ ಕೆಲಸ ಮಾಡುವ ಬೇರೆ ಮಾತ್ರೆಗಳನ್ನು ಡಾಕ್ಟರು ಕೊಡುತ್ತಾರೆ.

ತಮಿಳುನಾಡಿನಲ್ಲಿ ಹುಟ್ಟಿದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಕನ್ನಡಿಯ ಉಪಾಯ ತೋರಿಸಿದರು. ಎರಡು ಕಾಲುಗಳ ನಡುವೆ ಉದ್ದ ಕನ್ನಡಿ ನಿಲ್ಲಿಸಿ, ಒಳ್ಳೆಯ ಕಾಲಿನ ಪ್ರತಿಬಿಂಬ ನೋಡುತ್ತ ಎರಡೂ ಪಾದ ಆಡಿಸುವಂತೆ ಪ್ರಯತ್ನಿಸಬೇಕು. ಹಿಂಡಿಕೊಂಡ ಬೆರಳು ಬಿಡಿಸಿಕೊಂಡದ್ದು ಕಣ್ಣಿಗೆ ಕಂಡಾಗ ಮಿದುಳು ಅದನ್ನು ಸ್ವಲ್ಪ ಸ್ವಲ್ಪ ನಂಬುತ್ತದೆ. ದಿನಕ್ಕೆ ಹದಿನೈದು ನಿಮಿಷದಂತೆ ಒಂದು ತಿಂಗಳು ಮಾಡಿದ ಮೇಲೆ ನನ್ನ ನೋವು ವಾರಕ್ಕೊಮ್ಮೆ ಬರುವಷ್ಟಕ್ಕೆ ಇಳಿಯಿತು. ಎಲ್ಲರಿಗೂ ಹೀಗೆ ಆಗುವುದಿಲ್ಲ. ನೋವು ಸ್ಟಂಪಿನಲ್ಲೇ ಇದ್ದು, ಅಲ್ಲಿ ಬಿಸಿ, ಕೀವು ಕಂಡರೆ ಅದು ಸೋಂಕು, ಕನ್ನಡಿಯ ಕೆಲಸವಲ್ಲ.

ಇನ್ನೊಂದು ಅಪಾಯ ರಾತ್ರಿಯದು. ಅರೆನಿದ್ದೆಯಲ್ಲಿ ಎದ್ದಾಗ ಕಾಲು ಇದೆ ಎಂದೇ ದೇಹ ನಂಬಿ ನೆಲಕ್ಕೆ ಊರಿಬಿಡುತ್ತದೆ, ಬೀಳುತ್ತೇವೆ. ಅದಕ್ಕೇ ಮಂಚದಿಂದ ಇಳಿಯುವ ಕಡೆಯೇ ನನ್ನ ಊರುಗೋಲು ಇರುತ್ತದೆ.

ಕೆಲಸ

ಮೊದಲು ನಾನು ಬಾಳೆಗೊನೆ ಹೊತ್ತು ಲಾರಿಗೆ ತುಂಬುತ್ತಿದ್ದೆ. ಕೃತಕ ಪಾದ ನೆಲವನ್ನು ಹಿಂದಕ್ಕೆ ಒತ್ತಿ ದೇಹವನ್ನು ಮುಂದಕ್ಕೆ ತಳ್ಳುವುದಿಲ್ಲ. ಉತ್ತ ಹೊಲದಲ್ಲಿ ಹೊರೆ ಹೊತ್ತರೆ ಭಾರವೆಲ್ಲ ಸಾಕೆಟ್ಟಿನ ಮೇಲೆ ಬೀಳುತ್ತದೆ. ಹಾಗಾಗಿ ಆ ಕೆಲಸ ಬಿಟ್ಟೆ. ಲ್ಯಾಬ್‌ನಲ್ಲಿ ಸಮ ನೆಲ, ಸಣ್ಣ ಓಡಾಟ, ಕೂರಲು ಸ್ಟೂಲ್ ಇದೆ. ಇಲ್ಲಿಗೆ ಸೇರುವ ಮೊದಲು ಕಾಲನ್ನು ದಿನಕ್ಕೆ ಒಂದು ಗಂಟೆ ತೊಟ್ಟು, ಚರ್ಮ ನೋಡಿಕೊಂಡು, ನಿಧಾನವಾಗಿ ಎಂಟು ಗಂಟೆಗೆ ಏರಿಸಿದ್ದೆ.

ನೌಕರಿಯಲ್ಲಿರುವವರಿಗೆ ಒಂದು ವಿಷಯ ತಿಳಿದಿರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ ಪ್ರಕಾರ, ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದರೆ ಸರ್ಕಾರಿ ಸಂಸ್ಥೆ ನೌಕರನನ್ನು ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಹಳೆಯ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಕೆಲಸ ಕೊಡಬೇಕು. ಸರ್ಕಾರದ ಅನುದಾನ ಪಡೆಯುವ ಸಂಸ್ಥೆಗಳೂ ಇದರಲ್ಲಿ ಸೇರುತ್ತವೆ. ನನ್ನಂಥ ದಿನಗೂಲಿಯವನಿಗೆ ಈ ರಕ್ಷಣೆ ಇರಲಿಲ್ಲ.

ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಕೃತಕ ಕಾಲು ಮೊದಲು. ಇದರಿಂದ ನಾನು ಇಳಿಯುವುದು ನಿಧಾನ, ಬೆಲ್ ಆದಾಗ ಪಕ್ಕದಿಂದ ಹೋಗಿ. ಲ್ಯಾಬ್‌ನಲ್ಲಿ ನೀರು ಚೆಲ್ಲಿದರೆ ತಕ್ಷಣ ಒರೆಸಿ. ನೆಲ ಒದ್ದೆಯಿದೆ ಎಂದು ನಿಮ್ಮ ಪಾದ ನಿಮಗೆ ಹೇಳುತ್ತದೆ, ನನ್ನದು ಹೇಳುವುದಿಲ್ಲ.